‘ಆಮ್ಯಾಲ’ ಮತ್ತು ‘ಅದಕ್ಕ’: ಕಿತ್ತೂರು ಪಾಠದಲ್ಲಿ ಕಾಲರೇಖೆ ಹಾಗೂ ಕಾರಣ–ಪರಿಣಾಮದ ಉತ್ತರ

ನಾನು ಬಿ.ಎಸ್ಸಿ., ಬಿ.ಎಡ್. ಪ್ರಶಿಕ್ಷಣಾರ್ಥಿ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ನಡೆಸುತ್ತಿದ್ದಾಗ ಸಮಾಜ ವಿಜ್ಞಾನದ ಶಿಕ್ಷಕರು ಎರಡು ವಾರ ರಜೆಯಲ್ಲಿದ್ದರು. ಹತ್ತನೆಯ ತರಗತಿಗೆ ‘ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ಪ್ರತಿರೋಧಗಳು’ ಪಾಠದ ಪುನರಾವರ್ತನೆ ಮಾಡಿಸುವ ಕೆಲಸ ನನಗೆ ಬಂತು. ಅದರಲ್ಲಿ ಕಿತ್ತೂರಿನ ಭಾಗವನ್ನು ಎರಡು ಸಲ ಪಾಠ ಮಾಡಿದೆ. ಮೊದಲ ಸಲ ತಪ್ಪು ಮಾಡಿದೆ, ಎರಡನೆಯ ಸಲ ಮಕ್ಕಳೊಂದಿಗೆ ಅದನ್ನು ತಿದ್ದಿದೆ. ಆ ಎರಡು ಪಾಠಗಳ ವಿವರ ಇಲ್ಲಿದೆ.

ಮೊದಲ ಪಾಠ: ಬೋರ್ಡಿನ ಮೇಲಿನ ತಪ್ಪು

ಪ್ರಶ್ನೆ ಸರಳವಾಗಿತ್ತು: ‘ಕಿತ್ತೂರು ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೋರಾಡಲು ಕಾರಣಗಳೇನು?’ ಹಿಂದಿನ ರಾತ್ರಿ ಟಿಪ್ಪಣಿ ಮಾಡಿಕೊಂಡಿದ್ದೆ. ಬೋರ್ಡಿನ ಮೇಲೆ ಮೊದಲ ಅಂಶವಾಗಿ ಹೀಗೆ ಬರೆದೆ: ‘ಲಾರ್ಡ್ ಡಾಲ್‌ಹೌಸಿ ಜಾರಿಗೆ ತಂದ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಿಂದ ಕಿತ್ತೂರನ್ನು ಬ್ರಿಟಿಷರು ವಶಪಡಿಸಿಕೊಳ್ಳಲು ಮುಂದಾದರು.’ ಮಕ್ಕಳು ಬರೆದುಕೊಂಡರು. ನಾನು ಎರಡನೆಯ ಅಂಶಕ್ಕೆ ಹೋದೆ.

ತರಗತಿ ಮುಗಿಯುವ ಹೊತ್ತಿಗೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಟೀಚರ್, ಡಾಲ್‌ಹೌಸಿ ಬಂದದ್ದು 1848ಕ್ಕ ಅಂತ ಹಿಂದಿನ ಪಾಠದಾಗ ಐತ್ರೀ. ಕಿತ್ತೂರ ಯುದ್ಧ 1824. ಅಂವ ಇನ್ನೂ ಬಂದೇ ಇಲ್ಲಲ್ಲರೀ?’

ನನ್ನ ಬಳಿ ಉತ್ತರವಿರಲಿಲ್ಲ. ‘ನಾಳೆ ನೋಡೋಣ’ ಎಂದೆ. ಆ ಹುಡುಗಿ ಕಂಡದ್ದು ನನಗೆ ಏಕೆ ಕಾಣಲಿಲ್ಲ ಎಂದು ಸಂಜೆ ಯೋಚಿಸಿದೆ. ಎರಡೂ ಇಸವಿಗಳು ನನಗೆ ಗೊತ್ತಿದ್ದವು. ಆದರೆ ಒಂದನ್ನು ಒಂದು ಪಾಠದಲ್ಲಿ, ಇನ್ನೊಂದನ್ನು ಮತ್ತೊಂದು ಪಾಠದಲ್ಲಿ ಓದಿದ್ದೆ, ಎರಡನ್ನೂ ಒಂದೇ ಗೆರೆಯ ಮೇಲೆ ಇಟ್ಟು ನೋಡಿರಲಿಲ್ಲ. ‘ದತ್ತು’ ಎಂಬ ಪದ ಎರಡೂ ಕಡೆ ಇದ್ದದ್ದರಿಂದ ಮನಸ್ಸು ತಾನೇ ಗಂಟು ಹಾಕಿಬಿಟ್ಟಿತ್ತು. ಮರುದಿನ ಮಕ್ಕಳ ಟಿಪ್ಪಣಿ ಪುಸ್ತಕ ತರಿಸಿ ನೋಡಿದೆ. ನಾನು ಹೇಳುವುದಕ್ಕೂ ಮೊದಲೇ ಹಲವರು ಇದೇ ವಾಕ್ಯವನ್ನು ಬರೆದಿಟ್ಟುಕೊಂಡಿದ್ದರು.

ನಿಜವಾದ ಸಂಗತಿ ಹೀಗಿದೆ. 1824ರಲ್ಲಿ ಧಾರವಾಡದಲ್ಲಿ ಕಲೆಕ್ಟರ್ ಹಾಗೂ ರಾಜಕೀಯ ಏಜೆಂಟ್ ಆಗಿದ್ದ ಥ್ಯಾಕರೆ, ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನ ದತ್ತಕವನ್ನು ಒಪ್ಪಲಿಲ್ಲ. ಅವನ ಆಕ್ಷೇಪ ಈ ಒಂದು ದತ್ತಕದ ಮೇಲಿತ್ತು. ಕಂಪನಿಯ ಅನುಮತಿ ಪಡೆದಿಲ್ಲ, ದತ್ತಕದ ಪತ್ರವೂ ನಂಬುವಂತಿಲ್ಲ ಎಂಬುದು ಅವನ ವಾದ. ಕಂಪನಿಯ ನಿರ್ದೇಶಕರು ‘ದತ್ತಕಕ್ಕೆ ಒಪ್ಪಿಗೆ ಕೊಡುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ’ ಎಂಬ ನಿಲುವನ್ನು ತಿಳಿಸಿದ್ದು 1834ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಆ ವರ್ಷ ನಮ್ಮ ನೆರೆಯ ಸಾತಾರಾದಿಂದ ಆರಂಭಿಸಿ ಸಂಸ್ಥಾನಗಳ ಮೇಲೆ ಅದನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿದವನು ಅವನು. ಕಿತ್ತೂರಿನಲ್ಲಿ ನಡೆದದ್ದು ಮುಂದೆ ನೀತಿಯಾಗಿ ಬೆಳೆದ ಧೋರಣೆಯ ಒಂದು ಮುಂಚಿನ ಪ್ರಕರಣ. ನಂತರ ಬಂದವನು ಮೊದಲಿನದಕ್ಕೆ ಕಾರಣನಾಗಲಾರ.

ಎರಡನೆಯ ಪಾಠದ ಸಿದ್ಧತೆ: ನಾಲ್ಕು ಮೀಟರ್ ಹಗ್ಗ

ಮಕ್ಕಳ ಪುಸ್ತಕಗಳಲ್ಲಿ ಕಾಲರೇಖೆಗಳು ಇದ್ದವು. ಆದರೆ ಅವೆಲ್ಲ ಒಂದರ ಕೆಳಗೊಂದು ಬರೆದ ಇಸವಿಗಳ ಪಟ್ಟಿಗಳು, ಅಥವಾ ಸಮ ಅಂತರದಲ್ಲಿ ಚುಕ್ಕೆ ಇಟ್ಟ ಗೆರೆಗಳು. 1829ಕ್ಕೂ 1831ಕ್ಕೂ ನಡುವೆ ಎರಡು ಬೆರಳು, 1831ಕ್ಕೂ 1848ಕ್ಕೂ ನಡುವೆಯೂ ಎರಡು ಬೆರಳು. ಗಣಿತದಲ್ಲಿ ಸಂಖ್ಯಾರೇಖೆಯನ್ನು ಹೀಗೆ ಎಳೆದರೆ ನಾವು ಅಂಕ ಕೊಡುವುದಿಲ್ಲ. ಪಟ್ಟಿಯಿಂದ ಕ್ರಮ ತಿಳಿಯುತ್ತದೆ, ದೂರ ತಿಳಿಯುವುದಿಲ್ಲ. ಕಾರಣ–ಪರಿಣಾಮ ನೋಡುವಾಗ ಎರಡೂ ಬೇಕು.

ಆದ್ದರಿಂದ ಅಳತೆ ಇರುವ ರೇಖೆ ಮಾಡಿದೆವು. 1818ರಿಂದ 1858ರವರೆಗೆ 40 ವರ್ಷ. ಒಂದು ವರ್ಷಕ್ಕೆ 10 ಸೆಂ.ಮೀ. ಎಂದರೆ 4 ಮೀಟರ್. ತರಗತಿಯ ಉದ್ದ ಗೋಡೆಗೆ ಸೆಣಬಿನ ಹಗ್ಗ ಕಟ್ಟಿ, ಪ್ರತಿ 10 ಸೆಂ.ಮೀ.ಗೆ ಸೀಮೆಸುಣ್ಣದಿಂದ ಗುರುತು ಮಾಡಿದೆವು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಘಟನೆಗಳನ್ನು ಬರೆದೆವು. ತೂಗುಹಾಕಲು ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕಾದವು.

ಚೀಟಿಗಳು ಹತ್ತು. ಪೇಶ್ವೆ ಆಳ್ವಿಕೆಯ ಅಂತ್ಯ (1818). ಶಿವಲಿಂಗರುದ್ರಸರ್ಜನ ಮರಣ (ಸೆಪ್ಟೆಂಬರ್ 1824). ಕಿತ್ತೂರಿನ ಮೊದಲ ಯುದ್ಧ, ಥ್ಯಾಕರೆಯ ಸಾವು (23 ಅಕ್ಟೋಬರ್ 1824). ಎರಡನೆಯ ಯುದ್ಧ, ಚೆನ್ನಮ್ಮನ ಸೆರೆ (ಡಿಸೆಂಬರ್ 1824). ಬೈಲಹೊಂಗಲದಲ್ಲಿ ಚೆನ್ನಮ್ಮನ ಮರಣ (2 ಫೆಬ್ರವರಿ 1829). ಸಂಗೊಳ್ಳಿ ರಾಯಣ್ಣನ ಹೋರಾಟ (1829–30). ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು (26 ಜನವರಿ 1831). ಡಾಲ್‌ಹೌಸಿಯ ಆಗಮನ, ಸಾತಾರಾ ವಶ (1848). ಝಾನ್ಸಿ ವಶ (1854). 1857ರ ಹೋರಾಟ ಮತ್ತು ಹಲಗಲಿಯ ಬೇಡರ ಪ್ರತಿರೋಧ (1857).

ಚೀಟಿಯ ಮೇಲೆ ಘಟನೆಯ ಹೆಸರು ಮಾತ್ರ ಇತ್ತು. ದಿನಾಂಕವನ್ನು ಮಕ್ಕಳೇ ಪಠ್ಯಪುಸ್ತಕದಲ್ಲಿ ಹುಡುಕಿ ಸರಿಯಾದ ಜಾಗಕ್ಕೆ ಸಿಕ್ಕಿಸಬೇಕು. ದಿನಾಂಕ ಬರೆದು ಕೊಟ್ಟಿದ್ದರೆ ಅದು ಬರೀ ಸಂಖ್ಯೆ ಜೋಡಿಸುವ ಆಟವಾಗುತ್ತಿತ್ತು.

ಹಗ್ಗದ ಮೇಲೆ ಕಂಡದ್ದು

ಎರಡು ಸಂಗತಿಗಳು ತಕ್ಷಣ ಕಣ್ಣಿಗೆ ಬಿದ್ದವು.

ಒಂದು, 1824ರ ಮೂರು ಚೀಟಿಗಳು ಒಂದರ ಮೇಲೊಂದು ಬಿದ್ದವು. ಸೆಪ್ಟೆಂಬರಿನಿಂದ ಡಿಸೆಂಬರಿಗೆ ಹಗ್ಗದ ಮೇಲೆ ಎರಡೂವರೆ ಸೆಂ.ಮೀ. ಅಷ್ಟೆ, ಚೀಟಿಯ ಅಗಲ ಅದಕ್ಕಿಂತ ದೊಡ್ಡದು. ಒಬ್ಬ ಹುಡುಗ ‘ಟೀಚರ್, ಜಾಗ ಸಾಲವಲ್ದು’ ಎಂದ. ಆಗ ನಕ್ಷೆಯಲ್ಲಿ ಪಟ್ಟಣದ ಭಾಗವನ್ನು ದೊಡ್ಡದಾಗಿ ಪ್ರತ್ಯೇಕ ಚೌಕದಲ್ಲಿ ತೋರಿಸುವಂತೆ, ಆ ನಾಲ್ಕು ತಿಂಗಳಿಗೆ ಬೋರ್ಡಿನ ಮೇಲೆ ಬೇರೆ ಗೆರೆ ಎಳೆದೆವು. ಒಂದು ತಿಂಗಳಿಗೆ 30 ಸೆಂ.ಮೀ. ಇಲ್ಲಿ ಮರಣ, ದತ್ತಕದ ನಿರಾಕರಣೆ, ಖಜಾನೆಗೆ ಮೊಹರು, ಅಕ್ಟೋಬರ್ 23ರ ಯುದ್ಧ, ಡಿಸೆಂಬರಿನ ಸೋಲು ಎಲ್ಲಕ್ಕೂ ಜಾಗ ಸಿಕ್ಕಿತು. ನೇರ ಕಾರಣಗಳು ಸಿಗುವುದು ಈ ಚಿಕ್ಕ ಗೆರೆಯ ಮೇಲೆ. ಹಿನ್ನೆಲೆಯ ಕಾರಣಗಳೂ ದೂರದ ಪರಿಣಾಮಗಳೂ ಸಿಗುವುದು ಹಗ್ಗದ ಮೇಲೆ. ತಕ್ಷಣದ ಕಾರಣ, ಹಿನ್ನೆಲೆಯ ಕಾರಣ ಎಂಬ ವ್ಯತ್ಯಾಸಕ್ಕೆ ನಾನು ಬೇರೆ ವ್ಯಾಖ್ಯೆ ಕೊಡಬೇಕಾಗಲಿಲ್ಲ.

ಎರಡು, ಡಾಲ್‌ಹೌಸಿಯ ಚೀಟಿ. ಅದನ್ನು ಸಿಕ್ಕಿಸಲು ಅದೇ ಹುಡುಗಿಯನ್ನು ಕರೆದೆ. ಅವಳು ಕಿತ್ತೂರಿನ ಚೀಟಿಯ ಮುಂದೆ ನಿಂತು, ಅಲ್ಲಿಂದ 2 ಮೀಟರಿಗೂ ಹೆಚ್ಚು ದೂರ ನಡೆದುಕೊಂಡು ಹೋಗಿ 300 ಸೆಂ.ಮೀ. ಗುರುತಿನಲ್ಲಿ ಅದನ್ನು ತೂಗುಹಾಕಿದಳು. ಮಕ್ಕಳು ನಕ್ಕರು. ನಿನ್ನೆ ಬೋರ್ಡಿನ ಮೇಲೆ ಬರೆದದ್ದು ತಪ್ಪು, ಅದನ್ನು ಹೊಡೆದುಹಾಕಿ ಎಂದು ಹೇಳಿದೆ.

ಆಗ ಬಂದ ಪ್ರಶ್ನೆಯೇ ಕಷ್ಟದ್ದು: ‘ಪರೀಕ್ಷಾದಾಗ ಏನ ಬರೀಬೇಕ್ರೀ? ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂತ ಬರೀಲಿಲ್ಲಂದ್ರ ಮಾರ್ಕ್ಸ್ ಹೋಗತಾವಲ್ರೀ?’

ಈ ಭಯ ಸುಳ್ಳಲ್ಲ. ಮಾದರಿ ಉತ್ತರದಲ್ಲಿ ದತ್ತಕದ ಅಂಶ ಇದ್ದೇ ಇರುತ್ತದೆ, ಮೌಲ್ಯಮಾಪಕರು ಅದನ್ನು ಹುಡುಕುತ್ತಾರೆ. ನಾವು ಕಂಡುಕೊಂಡ ದಾರಿ ಇದು: ನೀತಿಯ ಹೆಸರಿನ ಬದಲು ನಡೆದ ಸಂಗತಿಯನ್ನು ಬರೆಯುವುದು. ‘ಶಿವಲಿಂಗರುದ್ರಸರ್ಜನು ದತ್ತು ತೆಗೆದುಕೊಂಡಿದ್ದ ಶಿವಲಿಂಗಪ್ಪನನ್ನು ಉತ್ತರಾಧಿಕಾರಿಯೆಂದು ಥ್ಯಾಕರೆ ಒಪ್ಪಲಿಲ್ಲ.’ ಇದರಲ್ಲಿ ದತ್ತಕವೂ ಇದೆ, ಹಕ್ಕಿನ ನಿರಾಕರಣೆಯೂ ಇದೆ, ಮಾಡಿದವನ ಹೆಸರೂ ಇದೆ. ಅಂಕಕ್ಕೆ ಬೇಕಾದುದು ಸಿಕ್ಕಿತು, ಸುಳ್ಳು ಮಾತ್ರ ಇಲ್ಲ. ಮನೆಯಲ್ಲಿ ಮರಾಠಿ ಮಾತನಾಡುವ ಹುಡುಗನೊಬ್ಬ ‘ದತ್ತಕ ನಾಮಂಜೂರ್ ಮಾಡಿದ್ರು ಅಂದ್ರ ಆತಲ್ರೀ’ ಎಂದ. ಆ ನಾಮಂಜೂರ್ ಎಂಬ ಪದ ತರಗತಿಗೆಲ್ಲ ಹಿಡಿಸಿತು.

‘ಆಮ್ಯಾಲ’ ಇದ್ದ ಕಡೆಯೆಲ್ಲ ‘ಅದಕ್ಕ’ ಆಗುವುದಿಲ್ಲ

ಕಾಲರೇಖೆ ಒಂದು ತಪ್ಪನ್ನು ಸರಿಪಡಿಸಿ ಇನ್ನೊಂದಕ್ಕೆ ದಾರಿ ಮಾಡಿತು. ಈಗ ಮಕ್ಕಳು ಹಗ್ಗದ ಮೇಲೆ ಪಕ್ಕಪಕ್ಕ ಇರುವುದನ್ನೆಲ್ಲ ಕಾರಣ–ಪರಿಣಾಮವೆಂದು ಬರೆಯತೊಡಗಿದರು. ಹಲವು ಪುಸ್ತಕಗಳಲ್ಲಿ ಈ ವಾಕ್ಯ ಕಂಡಿತು: ‘1829ರಲ್ಲಿ ಚೆನ್ನಮ್ಮ ಮರಣ ಹೊಂದಿದಳು. ಆದ್ದರಿಂದ ರಾಯಣ್ಣ ಹೋರಾಟ ಆರಂಭಿಸಿದನು.’ ಕ್ರಮ ಸರಿಯಾಗಿದೆ, ದೂರವೂ ಕಡಿಮೆ. ಆದರೂ ಸಂಬಂಧ ಸಾಬೀತಾಗಿಲ್ಲ.

ಗ್ರಾಂಥಿಕ ಕನ್ನಡದ ‘ನಂತರ’ ಮತ್ತು ‘ಆದ್ದರಿಂದ’ ಮಕ್ಕಳಿಗೆ ಉತ್ತರ ಬರೆಯುವಾಗ ಬಳಸುವ ಅಲಂಕಾರದ ಪದಗಳಂತೆ ಇದ್ದವು, ಯಾವುದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ ಎಂಬ ಭಾವನೆ. ಅವರದೇ ಮಾತಿನಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿತ್ತು. ಬೋರ್ಡಿನ ಮೇಲೆ ಎರಡು ವಾಕ್ಯ ಬರೆದೆ: ‘ಬಸ್ ಬಂತು, ಆಮ್ಯಾಲ ಮಳಿ ಬಂತು.’ ‘ಬಸ್ ಬಂತು, ಅದಕ್ಕ ಮಳಿ ಬಂತು.’ ಎರಡನೆಯದನ್ನು ಓದಿ ಎಲ್ಲರೂ ನಕ್ಕರು. ಅದೇ ನಗು ರಾಯಣ್ಣನ ವಾಕ್ಯಕ್ಕೂ ಬರಬೇಕು ಎಂಬುದು ನನ್ನ ಉದ್ದೇಶವಾಯಿತು.

ಪ್ರತಿ ಜೋಡಿಗೂ ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡೆವು. ಮೊದಲನೆಯದು: ಇದು ಮೊದಲು ನಡೆಯಿತೇ? ಎರಡನೆಯದು: ಯಾರು, ಏನು ಮಾಡಿದ್ದರಿಂದ ಇದು ಅದಕ್ಕೆ ಮುಟ್ಟಿತು? ಮೂರನೆಯದು: ಇದು ನಡೆಯದೇ ಇದ್ದಿದ್ದರೆ ಅದು ಆಗುತ್ತಿತ್ತೇ?

ಡಾಲ್‌ಹೌಸಿಯ ಚೀಟಿ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ರಾಯಣ್ಣನ ವಾಕ್ಯ ಮೊದಲನೆಯದನ್ನು ದಾಟುತ್ತದೆ, ಎರಡನೆಯದರಲ್ಲಿ ಎಡವುತ್ತದೆ. ಪಠ್ಯವನ್ನು ಮತ್ತೆ ಓದಿದಾಗ ಮಕ್ಕಳಿಗೆ ಸಿಕ್ಕ ಕಾರಣಗಳು ಬೇರೆ: ಅವನ ಭೂಮಿಯನ್ನು ಕಸಿದುಕೊಂಡದ್ದು, ಕಂದಾಯದ ಹೊರೆ, ದತ್ತುಪುತ್ರ ಶಿವಲಿಂಗಪ್ಪನನ್ನು ಮತ್ತೆ ಗಾದಿಗೆ ತರಬೇಕೆಂಬ ಗುರಿ. ಮೂರನೆಯ ಪ್ರಶ್ನೆಯನ್ನು ಕೇಳಿದಾಗ ಒಬ್ಬಳು ಹೇಳಿದಳು: ‘ಚೆನ್ನಮ್ಮ ಇನ್ನೂ ಸೆರಿಯೊಳಗ ಜೀವಂತ ಇದ್ದಿದ್ರೂ ಅಂವ ಎದ್ದೇಳ್ತಿದ್ದ. ಹೊಲಾ ಹೋಗಿತ್ತಲ್ರೀ.’ ಚೆನ್ನಮ್ಮನ ಮರಣ ಅವನ ಮನಸ್ಸನ್ನು ನೋಯಿಸಿರಲಿಲ್ಲ ಎಂದು ಇದರ ಅರ್ಥವಲ್ಲ. ನಮ್ಮ ಕೈಯಲ್ಲಿರುವ ಪಠ್ಯದಿಂದ ಅದನ್ನು ಕಾರಣವೆಂದು ತೋರಿಸಲಾಗದು, ಆದ್ದರಿಂದ ಅಲ್ಲಿ ‘ನಂತರ’ ಎಂದು ಬರೆದರೆ ಸಾಕು.

ದತ್ತಕದ ನಿರಾಕರಣೆಯ ಚೀಟಿ ಇಲ್ಲಿ ಎರಡು ಕೆಲಸ ಮಾಡಿತು. ಅದು 1824ರ ಯುದ್ಧಕ್ಕೂ ಕಾರಣ, 1829–30ರ ಹೋರಾಟಕ್ಕೂ ಒಂದು ಕಾರಣ. 1824ರ ಸೋಲು ಯುದ್ಧದ ಪರಿಣಾಮ, ಅದೇ ರಾಯಣ್ಣನ ಹೋರಾಟದ ಹಿನ್ನೆಲೆ. ‘ಒಂದೇ ಘಟನೆ ಕಾರಣವೂ ಆಗಬಹುದು, ಪರಿಣಾಮವೂ ಆಗಬಹುದು’ ಎಂಬುದನ್ನು ತೋರಿಸಲು ಚೀಟಿಗಳ ನಡುವೆ ಕೆಂಪು ನೂಲು ಕಟ್ಟಿದೆವು. ಮೂರೂ ಪ್ರಶ್ನೆ ದಾಟಿದ ಜೋಡಿಗೆ ಮಾತ್ರ ನೂಲು. ಹಗ್ಗದ ಮೇಲೆ ಹತ್ತು ಚೀಟಿ ಇದ್ದರೂ ನೂಲುಗಳು ಕೆಲವೇ ಆದವು. 1824ರ ಕಿತ್ತೂರಿನಿಂದ 1857ರ ಚೀಟಿಗೆ ನೂಲು ಕಟ್ಟಲು ಒಬ್ಬ ಬಂದ. ‘ಯಾರು, ಏನು ಮಾಡಿದ್ದರಿಂದ?’ ಎಂದು ಉಳಿದವರೇ ಕೇಳಿದರು, ಅವನು ನೂಲನ್ನು ಹಿಂದಕ್ಕೆ ತೆಗೆದುಕೊಂಡ. ಝಾನ್ಸಿಯಿಂದ 1857ಕ್ಕೆ ಮಾತ್ರ ನೂಲು ಗಟ್ಟಿಯಾಗಿ ಉಳಿಯಿತು.

ನೂಲಿನಿಂದ ಉತ್ತರಕ್ಕೆ

ಸಮಾಜ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ದೀರ್ಘ ಉತ್ತರವನ್ನು ಸಾಮಾನ್ಯವಾಗಿ ಅಂಶಗಳಾಗಿ ನೋಡಿ ಅಂಕ ಹಂಚುತ್ತಾರೆ. ಮಕ್ಕಳಿಗೆ ಇದು ಗೊತ್ತು. ಆದ್ದರಿಂದ ಅವರು ತುಂಡು ಪದಗಳನ್ನು ಬರೆಯುತ್ತಾರೆ: ‘ದತ್ತು. ಥ್ಯಾಕರೆ. ಖಜಾನೆ. ಯುದ್ಧ.’ ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಮೌಲ್ಯಮಾಪಕರೇ ಊಹಿಸಬೇಕು. ಇನ್ನು ಕೆಲವರು ಶಿವಲಿಂಗರುದ್ರಸರ್ಜನ ಮರಣದಿಂದ ರಾಯಣ್ಣನ ಗಲ್ಲಿನವರೆಗೆ ಇಡೀ ಕಥೆಯನ್ನು ಪುಟ ತುಂಬ ಬರೆಯುತ್ತಾರೆ. ಕಥೆ ಸರಿ, ಪ್ರಶ್ನೆಗೆ ಉತ್ತರ ಎಲ್ಲಿ ಎಂದು ಹುಡುಕಬೇಕು.

ನಾವು ಒಪ್ಪಿಕೊಂಡ ಕ್ರಮ: ಪ್ರತಿ ಅಂಶವೂ ಒಂದು ಪೂರ್ಣ ವಾಕ್ಯ. ಕಾರಣದ ವಾಕ್ಯದಲ್ಲಿ ಮಾಡಿದವರು ಯಾರು ಎಂಬುದು ಇರಬೇಕು. ಪರಿಣಾಮದ ವಾಕ್ಯದಲ್ಲಿ ಏನು ಬದಲಾಯಿತು ಎಂಬುದು ಇರಬೇಕು. ಎರಡಕ್ಕೂ ಬೇರೆ ಉಪಶೀರ್ಷಿಕೆ. ಹಗ್ಗದ ಮುಂದೆ ನಿಂತು ತರಗತಿಯೇ ಸೇರಿ ಬರೆದ ಉತ್ತರ ಇದು:

*ಪ್ರಶ್ನೆ: 1824ರ ಕಿತ್ತೂರು ಯುದ್ಧದ ಕಾರಣ ಮತ್ತು ಪರಿಣಾಮಗಳನ್ನು ಬರೆಯಿರಿ.*

ಕಾರಣಗಳು:
1. 1818ರಲ್ಲಿ ಪೇಶ್ವೆ ಆಳ್ವಿಕೆ ಕೊನೆಗೊಂಡು ಈ ಪ್ರದೇಶದಲ್ಲಿ ಕಂಪನಿಯ ಅಧಿಕಾರ ಬೆಳೆದದ್ದರಿಂದ ಕಿತ್ತೂರು ಅದರ ಹಿಡಿತಕ್ಕೆ ಬಂತು.
2. 1824ರಲ್ಲಿ ಶಿವಲಿಂಗರುದ್ರಸರ್ಜನು ಮರಣ ಹೊಂದಿದಾಗ, ದತ್ತುಪುತ್ರ ಶಿವಲಿಂಗಪ್ಪನನ್ನು ಉತ್ತರಾಧಿಕಾರಿಯೆಂದು ಥ್ಯಾಕರೆ ಒಪ್ಪಲಿಲ್ಲ.
3. ಥ್ಯಾಕರೆಯು ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಆಡಳಿತವನ್ನು ಕೈಗೆ ತೆಗೆದುಕೊಳ್ಳಲು ಯತ್ನಿಸಿದನು.
4. ದತ್ತುಪುತ್ರನ ಪರವಾಗಿ ಆಡಳಿತ ನಡೆಸುತ್ತಿದ್ದ ಚೆನ್ನಮ್ಮನು ಇದನ್ನು ಒಪ್ಪದೆ ಯುದ್ಧಕ್ಕೆ ಸಿದ್ಧಳಾದಳು.

ಪರಿಣಾಮಗಳು:
5. 1824ರ ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಸತ್ತನು, ಬ್ರಿಟಿಷ್ ಅಧಿಕಾರಿಗಳು ಸೆರೆಯಾದರು.
6. ಡಿಸೆಂಬರಿನಲ್ಲಿ ಕರ್ನಲ್ ಡೀಕನ್ ನೇತೃತ್ವದ ಸೇನೆ ಕೋಟೆಯನ್ನು ವಶಪಡಿಸಿಕೊಂಡಿತು.
7. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ಆಕೆ 1829ರಲ್ಲಿ ಅಲ್ಲಿಯೇ ಮರಣ ಹೊಂದಿದಳು.
8. ಕಿತ್ತೂರಿನ ಸ್ವಾತಂತ್ರ್ಯವನ್ನು ಮರಳಿ ಪಡೆಯಲು ರಾಯಣ್ಣನು 1829–30ರಲ್ಲಿ ಹೋರಾಟ ಮುಂದುವರಿಸಿದನು.

ಎಂಟು ಅಂಶ ನಾಲ್ಕು ಅಂಕದ ಪ್ರಶ್ನೆಗೆ ಸಾಕು. ಮೂರು ಅಂಕದ್ದಾದರೆ 1 ಮತ್ತು 8ನ್ನು ಬಿಡಬಹುದು ಎಂದು ಮಕ್ಕಳೇ ಹೇಳಿದರು, ಏಕೆಂದರೆ ಅವೆರಡೂ ದೊಡ್ಡ ಹಗ್ಗದಿಂದ ಬಂದವು, ಉಳಿದವು ಬೋರ್ಡಿನ ಚಿಕ್ಕ ಗೆರೆಗೆ ಹತ್ತಿರದವು. ‘ಕಾರಣಗಳೇನು?’ ಎಂದಷ್ಟೇ ಕೇಳಿದ್ದರೆ ಮೊದಲ ನಾಲ್ಕೇ ಉತ್ತರ. ಆಗ ಯುದ್ಧದ ಫಲಿತಾಂಶ ಬರೆದರೆ ಸಮಯ ಹೋಗುತ್ತದೆ, ಅಂಕ ಬರುವುದಿಲ್ಲ.

ದಿನಾಂಕಗಳ ಬಗ್ಗೆ ಒಂದು ಮಾತು. ಅಕ್ಟೋಬರ್ 23 ಮಕ್ಕಳಿಗೆ ಕಿತ್ತೂರು ಉತ್ಸವದಿಂದ, ರಾಯಣ್ಣನ ಜನವರಿ 26 ಗಣರಾಜ್ಯೋತ್ಸವದಿಂದ ನೆನಪಿತ್ತು. ಆದರೆ ದಿನ, ತಿಂಗಳು ನೆನಪಿದ್ದು ಇಸವಿ ಜಾರುತ್ತಿತ್ತು. ಒಬ್ಬ ‘26 ಜನವರಿ 1824’ ಎಂದು ಬರೆದ. ಇಸವಿ ಖಚಿತವಿಲ್ಲದಿದ್ದರೆ ದಿನಾಂಕ ಬಿಟ್ಟು ಸಂಗತಿ ಬರೆಯಿರಿ ಎಂದೆ. ತಪ್ಪು ಇಸವಿ ಬರೆದರೆ ಕ್ರಮವೇ ತಲೆಕೆಳಗಾಗುತ್ತದೆ.

ಉಳಿದ ಕೊರತೆಗಳು

ಹಗ್ಗ ಕಟ್ಟುವುದಕ್ಕೆ, ಚೀಟಿ ಬರೆಯುವುದಕ್ಕೆ ಒಂದು ಇಡೀ ಅವಧಿ ಹೋಯಿತು. ಉತ್ತರ ಬರೆಯುವುದಕ್ಕೆ ಇನ್ನೊಂದು. ಹತ್ತನೆಯ ತರಗತಿಯ ಎಲ್ಲ ಇತಿಹಾಸ ಪಾಠಗಳಿಗೂ ಇಷ್ಟು ಸಮಯ ಸಿಗುವುದಿಲ್ಲ. ಮುಂದಿನ ಸಲ ದೊಡ್ಡ ಹಗ್ಗವನ್ನು ಮೊದಲ ಪಾಠದಲ್ಲೇ ಕಟ್ಟಿ ವರ್ಷಪೂರ್ತಿ ಗೋಡೆಯ ಮೇಲೆ ಬಿಟ್ಟು, ಪ್ರತಿ ಪಾಠದ ನಾಲ್ಕೈದು ಚೀಟಿಯನ್ನು ಸೇರಿಸುತ್ತ ಹೋಗಬೇಕೆಂದಿದ್ದೇನೆ. ಬೇರೆ ಬೇರೆ ಪಾಠದ ಘಟನೆಗಳು ಒಂದೇ ಗೆರೆಯ ಮೇಲೆ ಬಂದಾಗಲೇ ನಾನು ಮಾಡಿದಂಥ ತಪ್ಪು ಸಿಕ್ಕಿಬೀಳುತ್ತದೆ.

ಮೂರನೆಯ ಪ್ರಶ್ನೆಗೆ, ಅಂದರೆ ‘ನಡೆಯದೇ ಇದ್ದಿದ್ದರೆ?’ ಎಂಬುದಕ್ಕೆ, ನಿಶ್ಚಿತ ಉತ್ತರ ಸಿಗುವುದಿಲ್ಲ. ವಿಜ್ಞಾನದಲ್ಲಿ ಪ್ರಯೋಗವನ್ನು ಮತ್ತೆ ಮಾಡಬಹುದು, 1824ನ್ನು ಮತ್ತೆ ಮಾಡಲಾಗದು. ಅದನ್ನು ಮಕ್ಕಳು ಯೋಚಿಸಲು ಮಾತ್ರ ಬಳಸಬೇಕು, ಪರೀಕ್ಷೆಯಲ್ಲಿ ಬರೆಯುವುದು ಮೊದಲ ಎರಡು ಪ್ರಶ್ನೆಗಳ ಉತ್ತರವನ್ನು.

ಎರಡು ವಾರದ ಕೊನೆಗೆ ಕಿರುಪರೀಕ್ಷೆ ಕೊಟ್ಟು, ಪತ್ರಿಕೆಗಳಲ್ಲಿ ‘ಆದ್ದರಿಂದ’ ಎಂಬ ಪದಕ್ಕೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು ಅದರ ಎರಡೂ ಬದಿಯನ್ನು ಓದಿದೆ. ಡಾಲ್‌ಹೌಸಿ ಎರಡು ಪತ್ರಿಕೆಗಳಲ್ಲಿ ಮತ್ತೆ ಬಂದಿದ್ದ. ಆ ಇಬ್ಬರೂ ಎರಡನೆಯ ಪಾಠದ ದಿನ ಗೈರುಹಾಜರಾಗಿದ್ದರು, ಅವರ ಪುಸ್ತಕದಲ್ಲಿ ಉಳಿದದ್ದು ನಾನು ಮೊದಲ ದಿನ ಬೋರ್ಡಿನ ಮೇಲೆ ಬರೆದ ವಾಕ್ಯ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರಿಬ್ಬರನ್ನೂ ಹಗ್ಗದ ಮುಂದೆ ಕರೆದುಕೊಂಡು ಹೋಗಿ, ಕಿತ್ತೂರಿನ ಚೀಟಿಯಿಂದ ಡಾಲ್‌ಹೌಸಿಯ ಚೀಟಿಯವರೆಗೆ ನಡೆಸಿದೆ.